‘ರದ್ದಾದರೆ ಹಣ ವಾಪಸ್’: ಯಾರು ರದ್ದು ಮಾಡಿದರೆ?

ಕಾಶಿಯಲ್ಲಿ ಚಳಿಗಾಲದ ಶನಿವಾರ-ಭಾನುವಾರಗಳಲ್ಲಿ ನಾನು ಘಾಟ್‌ಗಳ ಚಿತ್ರ ಬರೆಯುವ ಎರಡು ದಿನದ ಕಾರ್ಯಾಗಾರ ನಡೆಸುತ್ತೇನೆ. ಶುಲ್ಕ 4,000 ರೂಪಾಯಿ. ಬರುವವರು ಹೆಚ್ಚಾಗಿ ಬೆಂಗಳೂರು, ಮುಂಬೈ, ದೆಹಲಿಯ ಕನ್ನಡಿಗರು. ಹೋದ ಚಳಿಗಾಲ ಬೆಂಗಳೂರಿನ ನಿವೃತ್ತ ಶಿಕ್ಷಕಿಯೊಬ್ಬರು ಹಣ ಕಟ್ಟಿದ್ದರು. ಮಂಜು ಕವಿದು ಅವರ ವಿಮಾನವೇ ರದ್ದಾಯಿತು. ಸೋಮವಾರ ಫೋನ್ ಮಾಡಿ, “ನೀವೇ ಬರೆದಿದ್ದೀರಲ್ಲ, ಪೂರ್ತಿ ಹಣ ಯಾವಾಗ ಹಾಕ್ತೀರಿ?” ಎಂದರು.

ನಾನು ಬರೆದದ್ದು ಹೀಗಿತ್ತು: ‘ಅನಿವಾರ್ಯ ಕಾರಣಗಳಿಂದ ರದ್ದಾದಲ್ಲಿ ಪೂರ್ಣ ಶುಲ್ಕ ಮರುಪಾವತಿಸಲಾಗುವುದು.’ ಕಾರ್ಯಾಗಾರವನ್ನು ನಾವು ನಿಲ್ಲಿಸಿದರೆ ಎಂಬ ಅರ್ಥದಲ್ಲಿ ಬರೆದಿದ್ದೆ. ಆದರೆ ವಾಕ್ಯದಲ್ಲಿ ಕರ್ತೃವೇ ಇಲ್ಲ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ, ಕಚೇರಿ ಕನ್ನಡದಲ್ಲಂತೂ ಬಿಡುವುದೇ ಗತ್ತು. ವಿಮಾನ ರದ್ದಾದದ್ದೂ ರದ್ದೇ, ಕಾರಣವೂ ಅನಿವಾರ್ಯವೇ. ಅವರು ಓದಿದ್ದರಲ್ಲಿ ತಪ್ಪಿರಲಿಲ್ಲ. 4,000 ರೂಪಾಯಿ ಹಿಂತಿರುಗಿಸಿದೆ. ದೋಣಿಗೂ ಅಡುಗೆಯವರಿಗೂ ಕೊಟ್ಟಿದ್ದ ಹಣ ನನ್ನ ಕೈಯಿಂದ ಹೋಯಿತು.

ಆಮೇಲೆ ಕುಳಿತು ಇಡೀ ಒಕ್ಕಣೆಯನ್ನು ಬದಲಿಸಿದೆ. ಮೊದಲ ಕೆಲಸ, ಪ್ರತಿ ವಾಕ್ಯಕ್ಕೂ ‘ನೀವು’ ಅಥವಾ ‘ನಾವು’ ಹಚ್ಚುವುದು. ಹಚ್ಚುತ್ತಾ ಹೋದಾಗ ಯಾರಿಗೂ ಸೇರದ ಮೂರನೆಯ ಸಂದರ್ಭವೊಂದು ಉಳಿದಿರುವುದು ಕಂಡಿತು: ರೈಲು, ವಿಮಾನ. ಇಲ್ಲಿ ಡಿಸೆಂಬರ್-ಜನವರಿಯ ಮಂಜಿಗೆ ರೈಲು ಗಂಟೆಗಟ್ಟಲೆ ತಡವಾಗುವುದು ಮಾಮೂಲು. ಅದನ್ನು ಬರೆಯದೆ ಬಿಟ್ಟರೆ ಜಗಳ ಖಾತ್ರಿ.

ಇನ್ನೊಂದು ತೊಡಕು ದಿನ ಎಣಿಸುವುದರಲ್ಲಿತ್ತು. ‘ಏಳು ದಿನ ಮುಂಚಿತವಾಗಿ’ ಎಂದು ಬರೆದಿದ್ದೆ. ನಮ್ಮವರು ಒಂದು ವಾರಕ್ಕೆ ‘ಎಂಟು ದಿನ’ ಎನ್ನುತ್ತಾರೆ, ಎರಡು ವಾರಕ್ಕೆ ‘ಹದಿನೈದು ದಿನ’. ಶನಿವಾರ ಬೆಳಿಗ್ಗೆ ಆರಕ್ಕೆ ಶುರುವಾಗುವ ಕಾರ್ಯಾಗಾರಕ್ಕೆ ಹಿಂದಿನ ಶನಿವಾರ ರಾತ್ರಿ ಹನ್ನೊಂದಕ್ಕೆ ಸಂದೇಶ ಕಳಿಸಿದರೆ ಏಳು ದಿನ ಆಯಿತೇ, ಇಲ್ಲವೇ? ಇಬ್ಬರೂ ತಮಗೆ ಬೇಕಾದಂತೆ ಎಣಿಸುತ್ತಾರೆ. ಹಾಗಾಗಿ ದಿನಗಳ ಲೆಕ್ಕ ಬಿಟ್ಟು ತಾರೀಖು, ವಾರ, ಗಂಟೆ ಬರೆದೆ. ‘ಶೇ. 50 ಕಡಿತ’ದ ಬದಲು ಕೈಗೆ ಬರುವ ರೂಪಾಯಿಯನ್ನೇ ಬರೆದೆ. ಪ್ರತಿ ಕಾರ್ಯಾಗಾರಕ್ಕೂ ತಾರೀಖು ತಿದ್ದಬೇಕಾಗುತ್ತದೆ, ಅಷ್ಟು ಕಷ್ಟ ನನಗಿರಲಿ. ಡಿಸೆಂಬರ್ 13ರ ಶನಿವಾರದ ಕಾರ್ಯಾಗಾರಕ್ಕೆ ಬರೆದದ್ದು ಇದು:

‘ನೀವು ಬರಲಾಗದಿದ್ದರೆ ವಾಟ್ಸಾಪ್‌ನಲ್ಲಿ ತಿಳಿಸಿ. ಡಿಸೆಂಬರ್ 6, ಶನಿವಾರ ಸಂಜೆ 6ರೊಳಗೆ ತಿಳಿಸಿದರೆ 4,000 ರೂಪಾಯಿಯೂ ವಾಪಸ್. ಅದಾದ ಮೇಲೆ, ಡಿಸೆಂಬರ್ 10, ಬುಧವಾರ ಸಂಜೆ 6ರೊಳಗಾದರೆ 2,000 ವಾಪಸ್. ಗುರುವಾರ ದೋಣಿಗೂ ಊಟಕ್ಕೂ ಹಣ ಕೊಡುತ್ತೇವೆ, ಆದ್ದರಿಂದ ಬುಧವಾರ ಸಂಜೆ 6ರ ನಂತರ ವಾಪಸ್ ಇಲ್ಲ. ಆದರೆ ನಿಮ್ಮ ಬದಲು ಬೇರೆಯವರನ್ನು ಕಳಿಸಬಹುದು. ನಿಮ್ಮ ರೈಲು ಅಥವಾ ವಿಮಾನ ರದ್ದಾಗಿ ಬರಲಾಗದಿದ್ದರೆ ಹಣ ವಾಪಸ್ ಇಲ್ಲ, ಟಿಕೆಟ್ ತೋರಿಸಿ ಮುಂದಿನ ಕಾರ್ಯಾಗಾರಕ್ಕೆ 2,000ಕ್ಕೆ ಬರಬಹುದು. ನಾವೇ ಕಾರ್ಯಾಗಾರ ನಿಲ್ಲಿಸಿದರೆ 4,000 ವಾಪಸ್, ನಿಮ್ಮ ಪ್ರಯಾಣ, ವಸತಿಯ ಖರ್ಚು ನಾವು ಕೊಡುವುದಿಲ್ಲ. ದೋಣಿ ಬಿಡದಿದ್ದರೆ ಮೆಟ್ಟಿಲ ಮೇಲೆ ಪಾಠ ನಡೆಯುತ್ತದೆ, ದೋಣಿಯ 400 ವಾಪಸ್. ವಾಪಸ್ ಹಣವನ್ನು ನೀವು ಕಟ್ಟಿದ ಖಾತೆಗೇ 7 ದಿನದೊಳಗೆ ಹಾಕುತ್ತೇವೆ.’

‘ಗುರುವಾರ ಹಣ ಕೊಡುತ್ತೇವೆ’ ಎಂಬ ಕಾರಣ ಸೇರಿಸಿದ ಮೇಲೆ ಬುಧವಾರದ ಗಡುವನ್ನು ಯಾರೂ ಪ್ರಶ್ನಿಸಿಲ್ಲ. ಕಾರಣವಿಲ್ಲದ ಗಡುವು ಜನರಿಗೆ ದುರಾಸೆಯಂತೆ ಕಾಣುತ್ತದೆ.

ಗೆಳೆಯನೊಬ್ಬ, “ಇಷ್ಟೆಲ್ಲ ಯಾಕೆ? ಯಾವ ಕಾರಣಕ್ಕೂ ಹಣ ವಾಪಸ್ ಇಲ್ಲ ಅಂತ ಒಂದೇ ಸಾಲು ಬರಿ” ಎಂದ. ಆ ಸಾಲು ಎಲ್ಲ ಕಡೆ ಕಾಯುವುದಿಲ್ಲ. ಸೇವೆಯಲ್ಲಿ ಕೊರತೆಯಿದ್ದೂ ರಸೀತಿಯಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದಲ್ಲಿ, ಹಣ ಹಿಂತಿರುಗಿಸಲು ಒಪ್ಪದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ನಾನೇ ತರಗತಿ ನಡೆಸದೆ ಆ ಸಾಲು ತೋರಿಸಿದರೆ ಯಾರು ಒಪ್ಪಿಯಾರು?

ಬರೆದದ್ದನ್ನು ಕಳಿಸುವ ಮೊದಲು ಕಾರ್ಯಾಗಾರದ ಗಂಧವೇ ಇಲ್ಲದ ಒಬ್ಬರಿಗೆ ಓದಲು ಕೊಡುತ್ತೇನೆ. “ಅರ್ಥವಾಯಿತೇ?” ಎಂದು ಕೇಳುವುದಿಲ್ಲ, ಎಲ್ಲರೂ ಹೂಂ ಅನ್ನುತ್ತಾರೆ. “ಬುಧವಾರ ರಾತ್ರಿ ಎಂಟಕ್ಕೆ ಹೇಳಿದರೆ ನಿಮಗೆ ಎಷ್ಟು ಬರುತ್ತದೆ?” ಎನ್ನುತ್ತೇನೆ. ಪಕ್ಕದ ಮನೆಯ ಅಜ್ಜಿ, “ಏನೂ ಬರಲ್ಲ, ಆದರೆ ನನ್ನ ಸೊಸೇನ ಕಳಿಸ್ತೀನಿ” ಎಂದರು. ಆ ಶಿಕ್ಷಕಿಗೂ ಹೊಸ ಒಕ್ಕಣೆ ಕಳಿಸಿದ್ದೆ. ‘ವಾಟ್ಸಾಪ್ ಇಲ್ಲದವರು?’ ಎಂದು ಕೇಳಿ ಬರೆದರು. ಈಗ ಫೋನ್ ನಂಬರೂ ಸೇರಿದೆ.