ಟೇಪು ಹಿಡಿದು ಹೊರಟ ಪ್ರವಾಸ

ಹೋಟೆಲ್ಲಿಗೆ ಫೋನ್ ಮಾಡಿ "ವ್ಹೀಲ್‌ಚೇರ್ ಒಳಗೆ ಬರುತ್ತಾ?" ಅಂತ ಕೇಳಿ ನೋಡಿ. "ಬರುತ್ತೆ ಸಾರ್, ಲಿಫ್ಟ್ ಇದೆ" ಅನ್ನುತ್ತಾರೆ. ಅದು ಸುಳ್ಳಲ್ಲ. ರಿಸೆಪ್ಷನ್ನಿನವರಿಗೆ ನೆನಪಾಗುವುದು ಮುಂಬಾಗಿಲು ಮತ್ತು ಲಿಫ್ಟು. ಬಚ್ಚಲು ಅವರ ಕಣ್ಣಮುಂದೆ ಬರುವುದಿಲ್ಲ. ಬೆಂಗಳೂರಿನಿಂದ ಮೊದಲ ಸಲ ಅಕ್ಕನನ್ನು ಮೈಸೂರಿಗೆ ಕರೆದುಕೊಂಡು ಹೋದಾಗ ಆ ಮಾತು ನಂಬಿದ್ದೆವು. ಎರಡು ದಿನವೂ ಅವಳನ್ನು ಬಚ್ಚಲಿಗೆ ಎತ್ತಿಕೊಂಡೇ ಹೋಗಬೇಕಾಯಿತು.

ಎರಡನೇ ಸಲ ಮನೆಯಲ್ಲೇ ಟೇಪು ಹಿಡಿದೆವು. ಕುರ್ಚಿಯ ಅಗಲ, ಕೈಯಲ್ಲಿ ತಳ್ಳುವ ಹೊರಬಳೆಗಳೂ ಸೇರಿ, 25 ಇಂಚು. ಪಾದ ಇಡುವ ಪಟ್ಟಿ ಸೇರಿ ಉದ್ದ 42. ನೆಲದಿಂದ ಸೀಟಿನ ಮೆತ್ತೆಯವರೆಗೆ 20. ಈ ಮೂರು ಅಳತೆ ಕೈಯಲ್ಲಿದ್ದರೆ ಹೋಟೆಲಿನವರನ್ನು ಕೇಳಬೇಕಾದ ಪ್ರಶ್ನೆಯೇ ಬದಲಾಗುತ್ತದೆ. ರಿಸೆಪ್ಷನ್ ಬಿಟ್ಟು ರೂಮು ಕ್ಲೀನ್ ಮಾಡುವವರನ್ನು ಕೇಳಬೇಕು, ಬಚ್ಚಲ ಬಾಗಿಲಿಗೆ ಟೇಪು ಹಿಡಿದು ಒಂದು ಫೋಟೋ ಕಳಿಸಿ ಅನ್ನಬೇಕು.

ಅಳತೆಯಲ್ಲೂ ಮೋಸ ಹೋಗಬಹುದು. ನಮಗೆ ಬಂದ ಮೊದಲ ಫೋಟೋದಲ್ಲಿ ಚೌಕಟ್ಟಿನ ಒಳಗಡೆ 28 ಇಂಚು ಇತ್ತು. ಆದರೆ ಬಾಗಿಲು ತೆರೆದು ನಿಂತಾಗ ಅದರ ದಪ್ಪವೇ ಒಂದೂವರೆ ಇಂಚು ನುಂಗುತ್ತದೆ. ಉಳಿದದ್ದು ಇಪ್ಪತ್ತಾರೂವರೆ. ನೇರವಾಗಿ ಬಂದರೆ ನಮ್ಮ ಕುರ್ಚಿ ಹೇಗೋ ನುಸುಳೀತು. ನೇರವಾಗಿ ಬರುವುದೇ ಕಷ್ಟ. ಹೆಚ್ಚಿನ ಹೋಟೆಲುಗಳಲ್ಲಿ ರೂಮಿನ ಬಾಗಿಲು ದಾಟಿದ ಕೂಡಲೇ ಮೂರಡಿಯ ಓಣಿ, ಅದರ ಪಕ್ಕದ ಗೋಡೆಯಲ್ಲಿ ಬಚ್ಚಲ ಬಾಗಿಲು. 36 ಇಂಚಿನ ಓಣಿಯಲ್ಲಿ 42 ಇಂಚಿನ ಕುರ್ಚಿ ಅಡ್ಡ ತಿರುಗುವುದಿಲ್ಲ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಬಾಗಿಲಿಗೆ 90 ಸೆಂಟಿಮೀಟರ್, ಅಂದರೆ 35 ಇಂಚಿನಷ್ಟು ತೆರಪು ಕೇಳುವುದು, ಕುರ್ಚಿ ತಿರುಗಿಸಲು ಐದಡಿ ಜಾಗ ಕೇಳುವುದು ಇದಕ್ಕೇ. ಕೊನೆಗೆ, ಬಚ್ಚಲ ಬಾಗಿಲು ಮಂಚಕ್ಕೆ ಎದುರಾಗಿರುವ ರೂಮು ಹುಡುಕಿದೆವು. ಮಂಚ 25 ಇಂಚು ಎತ್ತರವಿತ್ತು. ಇಳಿಯುವುದು ಸುಲಭ, ಹತ್ತುವಾಗ ಐದು ಇಂಚು ಮೇಲಕ್ಕೆ ಜರುಗಬೇಕು. ಎರಡು ಹಾಸಿಗೆಗಳಲ್ಲಿ ಒಂದನ್ನು ತೆಗೆಸಿದ ಮೇಲೆ ಕುರ್ಚಿಗೆ ಸಮವಾಯಿತು.

ಬಚ್ಚಲ ಹೊಸ್ತಿಲಿನ ಎತ್ತರವನ್ನೂ ಕೇಳಿಕೊಳ್ಳಿ. ಇಳಿಜಾರು ಒಂದಕ್ಕೆ ಹನ್ನೆರಡಿರಬೇಕು ಅನ್ನುವುದು ಲೆಕ್ಕ. ನಾಲ್ಕು ಇಂಚಿನ ಹೊಸ್ತಿಲಿಗೆ ನಾಲ್ಕಡಿ ಉದ್ದದ ರ‍್ಯಾಂಪ್ ಬೇಕು, ಅಷ್ಟು ಜಾಗ ಅಲ್ಲಿರುವುದಿಲ್ಲ.

ಇದೇ ಲೆಕ್ಕವನ್ನು ರೈಲಿಗೆ ಹಾಕಿ. ಪ್ಲಾಟ್‌ಫಾರ್ಮಿಗಿಂತ ಬೋಗಿಯ ನೆಲ ಸುಮಾರು ಒಂದೂವರೆ ಅಡಿ ಮೇಲಿರುತ್ತದೆ. ಹದಿನೆಂಟು ಅಡಿಯ ರ‍್ಯಾಂಪ್ ಯಾರು ಹೊತ್ತು ತರುತ್ತಾರೆ? ಎತ್ತಿಯೇ ಹತ್ತಿಸಬೇಕು, ಅದಕ್ಕೆ ಸಮಯ ಬೇಕು. ಆದ್ದರಿಂದ ಬೆಂಗಳೂರಿನಲ್ಲೇ ಹೊರಟು ಮೈಸೂರಿನಲ್ಲೇ ಕೊನೆಯಾಗುವ ಗಾಡಿ ಆರಿಸಿದೆವು. ಹೊರಡುವ ಮೊದಲೂ ಮುಟ್ಟಿದ ಮೇಲೂ ಅದು ನಿಂತಿರುತ್ತದೆ, ಐದು ನಿಮಿಷದ ಗಡಿಬಿಡಿ ಇಲ್ಲ. ಅಂಗವಿಕಲರಿಗೆ ಅಗಲ ಬಾಗಿಲಿನ ಬೋಗಿ ಇರುವ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ತುದಿಯಲ್ಲಿರುತ್ತದೆ. ಇಪ್ಪತ್ತೆರಡು ಬೋಗಿಯ ಗಾಡಿ ಅರ್ಧ ಕಿಲೋಮೀಟರ್ ಉದ್ದ. ಯಾವ ತುದಿ ಅಂತ ಮೊದಲೇ ವಿಚಾರಿಸದಿದ್ದರೆ ಅಷ್ಟು ದೂರ ಕುರ್ಚಿ ತಳ್ಳಿಕೊಂಡು ಓಡಬೇಕು.

ಮೈಸೂರಿನಲ್ಲಿ ಕೈಕೊಟ್ಟದ್ದು ಟ್ಯಾಕ್ಸಿ. ಡಿಕ್ಕಿ ತೆಗೆದರೆ ಒಳಗೆ ಸಿಎನ್‌ಜಿ ಸಿಲಿಂಡರ್! ಮಡಚಿದ ಕುರ್ಚಿಗೂ ಜಾಗವಿಲ್ಲ. ಇನ್ನೊಂದು ಗಾಡಿ ಬರುವವರೆಗೆ ಅಕ್ಕ ಬಿಸಿಲಲ್ಲೇ ಕಾದಳು. ಬುಕ್ ಮಾಡುವಾಗ "ಡಿಕ್ಕಿ ಖಾಲಿ ಇದೆಯಾ?" ಅಂತ ಕೇಳದ ತಪ್ಪು ನಮ್ಮದು.

ನೋಡುವುದಕ್ಕೆ ದಿನಕ್ಕೆ ಒಂದೇ ದೊಡ್ಡ ಜಾಗ ಅಂತ ಇಟ್ಟುಕೊಂಡೆವು. ಮೃಗಾಲಯದ ದಾರಿ ಅಗಲ, ಗಟ್ಟಿ ನೆಲ. ಮಂಗಳವಾರ ರಜೆ ಅನ್ನುವುದು ನೆನಪಿರಲಿ. ಮರುದಿನ ಸೋಮನಾಥಪುರ. ಮಹಾದ್ವಾರದ ಮೆಟ್ಟಿಲ ಬಳಿ ಎಲ್ಲ ಕಡೆಯೂ ಆಗುವಂತೆ ನಾಲ್ಕೈದು ಜನ ಓಡಿಬಂದರು. ಒಬ್ಬರು ಕೈದಾಂಡಿಗೆ ಕೈಹಾಕಿದರು, ಅದು ಕಿತ್ತು ಕೈಗೇ ಬಂತು. ಕೈದಾಂಡಿ, ಪಾದದ ಪಟ್ಟಿ ಎರಡೂ ಕಳಚುವ ಭಾಗಗಳು. ಹಿಡಿಯಬೇಕಾದ್ದು ಕುರ್ಚಿಯ ಚೌಕಟ್ಟನ್ನು. ಹತ್ತುವಾಗ ಕುರ್ಚಿ ತಿರುಗಿಸಿ ಅಕ್ಕನ ಬೆನ್ನು ಮೆಟ್ಟಿಲ ಕಡೆ ಮಾಡಿ, ಹಿಂದಿನವರು ಹಿಡಿಕೆ ಹಿಡಿದು ದೊಡ್ಡ ಚಕ್ರವನ್ನು ಒಂದೊಂದೇ ಮೆಟ್ಟಿಲಿಗೆ ಎಳೆಯಬೇಕು, ಮುಂದಿನವರು ಚೌಕಟ್ಟು ಹಿಡಿದು ಆಸರೆ ಕೊಡಬೇಕು. ಅಕ್ಕನೇ ಕುಳಿತಲ್ಲಿಂದ ಹೇಳಿಕೊಟ್ಟಳು, ಇಬ್ಬರು ಸಾಕಾದರು.

ಒಳಗೆ ಜಗತಿಯ ಮೇಲಕ್ಕೆ ಹತ್ತಿಸಲೇ ಎಂದೆ. ಬೇಡ ಅಂದಳು. ಹದಿಮೂರನೇ ಶತಮಾನದ ಆ ಗುಡಿಯ ಗೋಡೆಯಲ್ಲಿ ತೀರ ಕೆಳಗಿನ ಸಾಲು ಆನೆಗಳದ್ದು. ಅಂಗಳದಲ್ಲಿ ಕೂತ ಅಕ್ಕನ ಕಣ್ಣಿಗೆ ಅವು ನೇರ ಎದುರಿಗಿದ್ದವು. ನಾನು ಬಗ್ಗಿ ನೋಡಬೇಕಾಯಿತು.