ಜ್ವರ ಶುರುವಾದ ದಿನ ಯಾವುದು?

ಮಲೆನಾಡಿನ ಊರೊಂದರಲ್ಲಿ ಮಂಗನ ಕಾಯಿಲೆಯ ಶಂಕೆ ಎದ್ದಿದೆ ಎನ್ನಿ. ಪಟ್ಟಿಯಲ್ಲಿ ಒಬ್ಬ ರೋಗಿಗೆ ಒಂದೇ ಸಾಲು: ವಯಸ್ಸು, ಊರು, ಜ್ವರ ಶುರುವಾದ ದಿನ, ಲಕ್ಷಣಗಳು. ತಲೆನೋವು, ಮೈಕೈ ನೋವು, ವಾಂತಿ ಪ್ರತಿಯೊಂದಕ್ಕೂ ಬೇರೆ ಕಾಲಂ ಇಟ್ಟು ಹೌದು, ಇಲ್ಲ ಎಂದು ಬರೆದರೆ ಎಣಿಸಲು ಸುಲಭ. ಒಂದೇ ಊರನ್ನು ಎರಡು ಬಗೆಯಲ್ಲಿ ಬರೆದರೆ ಎಣಿಕೆಯಲ್ಲಿ ಎರಡು ಊರಾಗಿಬಿಡುತ್ತದೆ.

ಹೆಚ್ಚು ಎಡವುವುದು ದಿನಾಂಕದಲ್ಲೇ. ಆಸ್ಪತ್ರೆಗೆ ಬಂದ ದಿನವನ್ನು ಬರೆದರೆ, ಭಾನುವಾರ ಕಾದು ಬಂದವರೆಲ್ಲ ಸೇರಿ ಸೋಮವಾರಕ್ಕೆ ಸುಳ್ಳು ಏರಿಕೆ ಕಾಣುತ್ತದೆ. “ಯಾವಾಗಿಂದ ಜ್ವರ, ಅಮ್ಮ?” ಎಂದರೆ “ಸಂತೆಯ ಮಾರನೇ ದಿನದಿಂದ” ಎನ್ನುತ್ತಾರೆ. ಸಂತೆ ಗುರುವಾರವಾದರೆ ಶುಕ್ರವಾರದ ತಾರೀಖು ಹಾಕಬೇಕು. ನೆನಪೇ ಇಲ್ಲವೆಂದರೆ ಖಾಲಿ ಬಿಡುವುದು ಮೇಲು.

ಆಮೇಲೆ ದಿನಾಂಕದಂತೆ ಜೋಡಿಸಿ, ಯಾರಿಗೂ ಜ್ವರ ಬಾರದ ದಿನಗಳನ್ನೂ ಸೊನ್ನೆಯೆಂದು ಉಳಿಸಿಕೊಂಡು ಎಣಿಸಿದರೆ ನಕ್ಷೆಯ ಕಂಬಗಳು ಸಿದ್ಧ. ಉಣುಗು ಕಚ್ಚಿ ಸುಮಾರು 3ರಿಂದ 8 ದಿನಕ್ಕೆ ಜ್ವರ ಬರುವುದರಿಂದ, ಮೊದಲ ಕಂಬದಿಂದ ಅಷ್ಟು ಹಿಂದೆ ಸರಿದು, ಆಗ ಯಾರು ಯಾವ ಕಾಡಿಗೆ ಹೋಗಿದ್ದರೆಂದು ವಿಚಾರಿಸುತ್ತಾರೆ.