ಅಂಪೈರ್ ವರದಿಯಲ್ಲಿ ‘ನನಗೆ ಕೇಳಿಸಲಿಲ್ಲ’

2008ರ ಜನವರಿ 4, ಸಿಡ್ನಿ ಟೆಸ್ಟಿನ ಮೂರನೇ ದಿನ. ಸಚಿನ್ ತೆಂಡೂಲ್ಕರ್ ಜೊತೆ ಬ್ಯಾಟ್ ಮಾಡುತ್ತಿದ್ದ ಹರಭಜನ್ ಸಿಂಗ್, ಬೌಲರ್ ಬ್ರೆಟ್ ಲೀಯನ್ನು ಹಿಂದಿನಿಂದ ಬ್ಯಾಟಿನಲ್ಲಿ ಮೆಲ್ಲಗೆ ತಟ್ಟಿದರು. ಅದನ್ನು ಕಂಡು ಆಂಡ್ರ್ಯೂ ಸೈಮಂಡ್ಸ್ ಕೆಣಕಿದರು, ಮಾತಿಗೆ ಮಾತು ಬೆಳೆಯಿತು. ಹರಭಜನ್ ತನ್ನನ್ನು ಮಂಗ ಎಂದು ಕರೆದರೆಂಬುದು ಸೈಮಂಡ್ಸ್ ದೂರು. ನಾಯಕ ರಿಕಿ ಪಾಂಟಿಂಗ್ ವಿಷಯವನ್ನು ಅಂಪೈರ್ ಮಾರ್ಕ್ ಬೆನ್ಸನ್‌ಗೆ ಮುಟ್ಟಿಸಿದರು. ಆದರೆ ಆ ಮಾತು ಬೆನ್ಸನ್ ಕಿವಿಗೂ ಬಿದ್ದಿರಲಿಲ್ಲ, ಜೊತೆಗಿದ್ದ ಸ್ಟೀವ್ ಬಕ್ನರ್ ಕಿವಿಗೂ ಬಿದ್ದಿರಲಿಲ್ಲ.

ಅಂಪೈರ್ ಬರೆಯುವ ವರದಿಯ ಕಷ್ಟವೆಲ್ಲ ಇಲ್ಲೇ ಇದೆ. ತಾನು ಕಂಡದ್ದು, ತಾನು ಕೇಳಿದ್ದು, ಇನ್ನೊಬ್ಬರು ತನಗೆ ಹೇಳಿದ್ದು ಈ ಮೂರೂ ಒಂದರೊಳಗೊಂದು ಬೆರೆತುಬಿಡುತ್ತವೆ.

ಊರಿನ ಲೀಗ್ ಪಂದ್ಯವೊಂದನ್ನು ಊಹಿಸಿಕೊಳ್ಳಿ. ‘ಬೌಲರ್ ಸಿಟ್ಟಿನಿಂದ ಬ್ಯಾಟ್ಸ್‌ಮನ್‌ಗೆ ಹೊಡೆಯಲು ಹೋಗಿ ಕೆಟ್ಟದಾಗಿ ಬೈದ’ ಎಂದು ಬರೆದರೆ ಸಿಟ್ಟೂ ಊಹೆ, ಹೊಡೆಯುವ ಉದ್ದೇಶವೂ ಊಹೆ. ಅದೇ ಘಟನೆಯನ್ನು ಹೀಗೂ ಬರೆಯಬಹುದು: ‘18ನೇ ಓವರಿನ 4ನೇ ಎಸೆತದ ನಂತರ ಬೌಲರ್ ಐದಾರು ಹೆಜ್ಜೆ ಮುಂದೆ ಬಂದು ಬ್ಯಾಟ್ಸ್‌ಮನ್‌ನ ಎದುರು ನಿಂತರು. ಬಲಗೈ ಎತ್ತಿದರು, ಮೈ ತಾಗಲಿಲ್ಲ. ನಾನು ಸ್ಕ್ವೇರ್ ಲೆಗ್‌ನಲ್ಲಿದ್ದೆ. ಮಾತು ನನಗೆ ಕೇಳಿಸಲಿಲ್ಲ. ತನ್ನ ತಾಯಿಯನ್ನು ಬೈದರೆಂದು ಬ್ಯಾಟ್ಸ್‌ಮನ್ ನನಗೆ ಆಮೇಲೆ ತಿಳಿಸಿದರು.’ ವಿಚಾರಣೆ ಮಾಡುವವರಿಗೆ ಯಾರನ್ನು ಏನು ಕೇಳಬೇಕೆಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಬೈಗುಳ ಸ್ವತಃ ಕಿವಿಗೆ ಬಿದ್ದಿದ್ದರೆ ‘ಅವಾಚ್ಯ ಶಬ್ದ’ ಎಂದು ಮುಚ್ಚಿಡಬಾರದು. ಮುಜುಗರವಾದರೂ ಆಡಿದ ಪದವನ್ನೇ, ಆಡಿದ ಭಾಷೆಯಲ್ಲೇ ಬರೆಯಬೇಕು. ಭಾಷೆ ಎಷ್ಟು ಮುಖ್ಯವೆಂಬುದಕ್ಕೆ ಸಿಡ್ನಿಯೇ ಸಾಕ್ಷಿ. ಮ್ಯಾಚ್ ರೆಫರಿ ಮೈಕ್ ಪ್ರಾಕ್ಟರ್ ಆಸ್ಟ್ರೇಲಿಯಾ ಆಟಗಾರರ ಹೇಳಿಕೆ ನಂಬಿ ಹರಭಜನ್‌ಗೆ ಮೂರು ಟೆಸ್ಟ್ ನಿಷೇಧ ಹೇರಿದರು. ಅನಿಲ್ ಕುಂಬ್ಳೆ ನಾಯಕತ್ವದ ಭಾರತ ತಂಡ ಇದನ್ನು ಒಪ್ಪಲಿಲ್ಲ. ಮೇಲ್ಮನವಿ ಅಡಿಲೇಡಿನಲ್ಲಿ ನ್ಯೂಜಿಲೆಂಡಿನ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್ ಮುಂದೆ ಬಂದಾಗ, ಹರಭಜನ್ ಆಡಿದ್ದು ಇಂಗ್ಲಿಷಿನ ಕಿವಿಗೆ ‘ಮಂಕಿ’ಯಂತೆ ಕೇಳಿಸಬಹುದಾದ ಹಿಂದಿ ಬೈಗುಳವೇ ಎಂಬ ಪ್ರಶ್ನೆ ಎದ್ದಿತು. ಜನಾಂಗೀಯ ನಿಂದನೆ ಸಾಬೀತಾಗಲಿಲ್ಲ. ಬೈದದ್ದಕ್ಕಾಗಿ ಪಂದ್ಯ ಶುಲ್ಕದ ಶೇ. 50ರಷ್ಟು ದಂಡ ಉಳಿಯಿತು.

ವಿಚಾರಣೆ ನಡೆಯುವ ಹೊತ್ತಿಗೆ ಎರಡೂ ತಂಡದವರು ತಮ್ಮ ತಮ್ಮಲ್ಲಿ ಹತ್ತಾರು ಸಲ ಮಾತಾಡಿಕೊಂಡಿರುತ್ತಾರೆ. ನೆನಪು ಅಷ್ಟರಲ್ಲಿ ಬಣ್ಣ ಬದಲಿಸಿರುತ್ತದೆ. ಆದ್ದರಿಂದ ಭಾನುವಾರದ ಪಂದ್ಯಕ್ಕೆ ಅಂಪೈರ್ ಆಗಿ ನಿಲ್ಲುವವರು ಜೇಬಿನಲ್ಲಿ ಚೀಟಿ, ಪೆನ್ಸಿಲ್ ಇಟ್ಟುಕೊಳ್ಳಿ. ಜಗಳ ತಣಿದೊಡನೆ ಓವರು, ನಿಂತ ಜಾಗ, ಕಿವಿಗೆ ಬಿದ್ದ ಮಾತು ಇವನ್ನು ಮೈದಾನದಲ್ಲೇ ಗುರುತು ಹಾಕಿಕೊಳ್ಳಿ; ಜೊತೆಗಾರ ಅಂಪೈರ್ ಜೊತೆ ಮಾತಾಡುವುದು ಆಮೇಲಿರಲಿ.